ಐದು ವರ್ಷ ಆದ್ಮೇಲಿನ ಕಾವ್ಯಾಗೆ

ವಿದ್ಯಾನಗರ, ದಾವಣಗೆರೆ
ಮೇ 2026

ಪ್ರೀತಿಯ ಕಾವ್ಯ,

ಇದನ್ನ ನೀನು 2031ರ ಮೇ ತಿಂಗಳಲ್ಲಿ ಓದಬೇಕು, ಅದಕ್ಕಿಂತ ಮುಂಚೆ ತೆಗೀಬೇಡ. ಇಂಟರ್ನ್‌ಶಿಪ್ ರಿಪೋರ್ಟ್ ಬೈಂಡಿಂಗಿಗೆ ಕೊಟ್ಟು ಬಂದೆ, ವೈವಾ ಮುಂದಿನ ವಾರ, ರೂಮ್‌ಮೇಟ್ಸ್ ಎಲ್ಲ ಊರಿಗೆ ಹೋಗಿದಾರೆ, ಫ್ಯಾನ್ ಹಾಕಿದ್ರೂ ಬಿಸಿಗಾಳಿನೇ ಬರ್ತಿದೆ. ಈಗ ಬರೀಲಿಲ್ಲ ಅಂದ್ರೆ ಆಮೇಲೆ ಇಷ್ಟು ನೇರವಾಗಿ ನಿನ್ನ ಹತ್ರ ಮಾತಾಡಕ್ಕೆ ಆಗಲ್ಲ ಅನ್ನಿಸ್ತು.

ನೀನು ಎಲ್ಲಿದೀಯ ಗೊತ್ತಿಲ್ಲ. ಕೆಪಿಎಸ್‌ಸಿ ಬರೆದು ಪಿಡಬ್ಲ್ಯುಡಿಲೋ ನೀರಾವರಿ ಇಲಾಖೆಲೋ ಅಸಿಸ್ಟೆಂಟ್ ಇಂಜಿನಿಯರ್ ಆಗಿರಬಹುದು, ಬೆಂಗಳೂರಲ್ಲಿ ಯಾವುದೋ ಬಿಲ್ಡರ್ ಹತ್ರ ಸೈಟ್ ಇಂಜಿನಿಯರ್ ಆಗಿರಬಹುದು, ಮದುವೆ ಆಗಿರಬಹುದು ಆಗದೇನೂ ಇರಬಹುದು. ಅದು ಯಾವುದನ್ನೂ ನಾನು ಕೇಳಲ್ಲ. ನಾನು ಕೇಳೋದು ಒಂದೇ, ಅಜ್ಜನ ಮಾತು ಇನ್ನೂ ನಿನ್ನ ಹತ್ರ ಇದೆಯಾ?

ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ.

ಈ ಗಾದೆ ಕನ್ನಡದೋರೆಲ್ಲರಿಗೂ ಗೊತ್ತು, ನಾವೂ ಹೈಸ್ಕೂಲಲ್ಲಿ ಗಾದೆ ವಿಸ್ತರಣೆ ಅಂತ ಬರೆದು ಮಾರ್ಕ್ಸ್ ತಗೊಂಡಿದೀವಿ. ಆದ್ರೆ ಚನ್ನಗಿರಿ ಕಡೆ ತೋಟದ ಮನೇಲಿ ಹುಟ್ಟಿದೋರಿಗೆ ಅಡಿಕೆ ಅಂದ್ರೆ ಬರೀ ಮಾತಿಗೆ ಹೇಳೋ ಚಿಕ್ಕ ವಸ್ತು ಅಲ್ಲ ಅಲ್ವ. ಕೊಯ್ಲಿನ ಟೈಮಲ್ಲಿ ಇಡೀ ಮನೆ ಅದರಲ್ಲೇ ಮುಳುಗಿರುತ್ತೆ, ಸುಲಿಯೋ ಹೆಂಗಸರು ರಾತ್ರಿವರೆಗೂ ಕೂತಿರ್ತಾರೆ, ಹಂಡೇಲಿ ಚೊಗರು ಹಾಕಿ ಬೇಯಿಸಿ ಅಂಗಳದಲ್ಲಿ ಹರಡಿದ್ರೆ ಮೋಡ ಕಂಡ ಕೂಡಲೇ ಊಟ ಬಿಟ್ಟು ಓಡಬೇಕು. ಆಮೇಲೆ ಆರಿಸೋದು. ರಾಶಿ ಬೇರೆ, ಬೆಟ್ಟೆ ಬೇರೆ, ಗೊರಬಲು ಬೇರೆ. ರಾಶಿ ಚೀಲದ ತಳದಲ್ಲಿ ಒಂದೆರಡು ಬೊಗಸೆ ಕಡಿಮೆ ದರ್ಜೆಯ ಗೊರಬಲು ಸೇರಿಸಿದ್ರೆ, ಇಲ್ಲಾ ಸರಿಯಾಗಿ ಒಣಗದೇ ಇರೋದನ್ನ ನಡುವೆ ತುಂಬಿದ್ರೆ, ತೂಕದಲ್ಲಿ ಅಷ್ಟೋ ಇಷ್ಟೋ ಲಾಭ ಆಗುತ್ತೆ, ಆ ಕ್ಷಣಕ್ಕೆ ಯಾರಿಗೂ ಕಾಣಲ್ಲ.

ಅಜ್ಜ ಅದನ್ನ ಮಾಡ್ಲಿಲ್ಲ. ಮಂಡಿಗೆ ಹೋದಾಗ ನೀನೇ ನೋಡಿದೀಯ, ಬೇರೆಯವರ ಚೀಲಕ್ಕೆ ಕೈ ಹಾಕಿ ತಳದಿಂದ ಅಡಿಕೆ ತೆಗೆದು ಒಡೆದು ನೋಡ್ತಾರೆ, ಅಜ್ಜಂದು ಬಂದಾಗ ಬಾಯಿ ಬಿಚ್ಚಿ ಒಂದು ಸಲ ನೋಡಿ ತೂಕಕ್ಕೆ ಹಾಕ್ತಾರೆ. ಅದೇ ಮಾನ ಅಂದ್ರೆ. ಸನ್ಮಾನ ಮಾಡಿ ಶಾಲು ಹೊದಿಸೋದಲ್ಲ, ಚೀಲದ ತಳ ನೋಡೋ ಅಗತ್ಯ ಇಲ್ಲ ಅಂತ ಎದುರಿನವನಿಗೆ ಅನ್ನಿಸೋದು. ನಾನು ಇಂಜಿನಿಯರಿಂಗ್ ಸೇರೋ ದಿನ ಅಜ್ಜ ಹೇಳಿದ್ದು ಇಷ್ಟೇ, "ನೋಡವ್ವ, ದೊಡ್ಡ ಕಳ್ಳತನ ಮಾಡೋ ಪೈಕಿ ನೀನಲ್ಲ, ಅದರ ಚಿಂತೆ ನಂಗಿಲ್ಲ. ಸಣ್ಣದರಾಗೆ ಹುಷಾರಾಗಿರು."

ಆಗ ಅರ್ಥ ಆಗಿರಲಿಲ್ಲ, ಸಿವಿಲ್ ಓದ್ತಾ ಓದ್ತಾ ಅರ್ಥ ಆಯ್ತು. ನಮ್ಮ ಕೆಲಸದಲ್ಲಿ ಎಲ್ಲಾ ಇರೋದೇ ಸಣ್ಣದರಲ್ಲಿ. ಕಾಲಮ್ಮಿನ ಕಬ್ಬಿಣದ ಮೇಲೆ 40 ಮಿಲಿಮೀಟರ್ ಕಾಂಕ್ರೀಟ್ ಕವರ್ ಬಿಡಬೇಕು ಅಂತ ನಮ್ಮ ಕಾಂಕ್ರೀಟ್ ಕೋಡ್ ಐಎಸ್ 456 ಹೇಳುತ್ತೆ, 15 ಬಿಟ್ರೂ ಪ್ಲಾಸ್ಟರಿಂಗ್ ಆದ್ಮೇಲೆ ಹೊರಗಿಂದ ಯಾರಿಗೂ ಗೊತ್ತಾಗಲ್ಲ. ನಿಧಾನಕ್ಕೆ ತೇವ ಒಳಗೆ ಹೋಗಿ ಕಬ್ಬಿಣ ತುಕ್ಕು ಹಿಡಿದು ಊದಿಕೊಂಡು ಕಾಂಕ್ರೀಟ್ ಒಡೆದು ಬೀಳೋ ಹೊತ್ತಿಗೆ ಆ ಇಂಜಿನಿಯರ್ ಎಲ್ಲೋ ಇರ್ತಾನೆ, ಆ ಮನೇಲಿ ಮಲಗಿರೋರು ಮಾತ್ರ ಅಲ್ಲೇ ಇರ್ತಾರೆ. ಕಾಂಕ್ರೀಟ್ ಗಟ್ಟಿ ಇದೆ, ಹರಡಕ್ಕೆ ಕಷ್ಟ ಅಂತ ಎರಡು ಬಕೆಟ್ ನೀರು ಸುರಿದ್ರೆ ಕೂಲಿಯವರ ಕೈಗೆ ಸುಲಭ, ಆದ್ರೆ ಆ ಹೆಚ್ಚಿನ ನೀರು ಆರಿಹೋದ ಜಾಗದಲ್ಲೆಲ್ಲ ಸಣ್ಣ ಸಣ್ಣ ತೂತು ಉಳಿದು ಬಲ ಕಡಿಮೆ ಆಗುತ್ತೆ. ಎರಡು ಬಕೆಟ್ ನೀರು ಅಷ್ಟೇ!

ಇಂಟರ್ನ್‌ಶಿಪ್ ಮಾಡಿದ ಸೈಟಿನ ಹೆಸರು ಬರೆಯಲ್ಲ, ನಿನಗೆ ಗೊತ್ತಿದೆ. ಕಾಂಕ್ರೀಟಿನ ಬಲ ಅಳೆಯೋ ಕ್ಯೂಬ್ ಟೆಸ್ಟ್ ರಿಜಿಸ್ಟರ್ ನೋಡಿದ್ದು ನೆನಪಿರಬೇಕು. 7 ದಿನದ್ದು, 28 ದಿನದ್ದು, ತಿಂಗಳುಗಟ್ಟಲೆ ಎಂಟ್ರಿ ಎಲ್ಲಾ ಒಂದೇ ಪೆನ್ನಲ್ಲಿ, ಒಂದೇ ಓರೆಯಲ್ಲಿ, ನಂಬರ್‌ಗಳು ಒಂದಕ್ಕೊಂದು ಎಷ್ಟು ಹತ್ರ ಅಂದ್ರೆ ನಮ್ಮ ಲ್ಯಾಬಲ್ಲಿ ಒಂದೇ ಮಿಕ್ಸಿಂದ ಮಾಡಿದ ಮೂರು ಕ್ಯೂಬಿಗೂ ಅಷ್ಟು ಹತ್ರ ಬರಲ್ಲ. ಕೇಳಿದ್ದಕ್ಕೆ ಸೂಪರ್‌ವೈಸರ್, "ಮೇಡಂ ಇಷ್ಟಕ್ಕೆಲ್ಲ ಏನಾಗುತ್ತೆ, ಎಲ್ಲಾ ಕಡೆ ಹಿಂಗೇ" ಅಂದ್ರು. ಕೆಟ್ಟ ಮನುಷ್ಯ ಅಲ್ಲ ಅವರು, ನಮಗೆಲ್ಲ ಟೀ ಕೊಡಿಸೋರು, ಬಿಸಿಲಲ್ಲಿ ನಿಲ್ಬೇಡ್ರಿ ಅನ್ನೋರು. ಅದಕ್ಕೇ ನಂಗೆ ಜಾಸ್ತಿ ಭಯ ಆಗಿದ್ದು. ಒಳ್ಳೆಯವರೇ "ಇಷ್ಟಕ್ಕೆಲ್ಲ ಏನಾಗುತ್ತೆ" ಅನ್ನೋ ಜಾಗ ಅದು. 28 ದಿನದ ರಿಸಲ್ಟ್ ಬರೋ ಹೊತ್ತಿಗೆ ಮೇಲಿನ ಸ್ಲ್ಯಾಬ್ ಹಾಕಿ ಆಗಿರುತ್ತೆ, ಬಿಲ್ ಹೋಗಿರುತ್ತೆ, ಫೇಲ್ ಅಂತ ಬರೆದ್ರೆ ಎಲ್ಲಾ ನಿಲ್ಲುತ್ತೆ, ಹಾಗಾಗಿ ಬರೆಯೋರೇ ಇಲ್ಲ.

ಅದೇ ಸೈಟಲ್ಲಿ ಹರಿಹರ ಕಡೆಯ ಒಬ್ಬ ಬಾರ್ ಬೆಂಡರ್ ಕಾಕಾ ಇದ್ರು. ಸ್ಲ್ಯಾಬ್ ಹಾಕೋ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು, ಕಂಬಿ ಕೆಳಗೆ ಕವರ್ ಬ್ಲಾಕ್ ಜಾರಿದೆಯಾ ಅಂತ ಬಗ್ಗಿ ಬಗ್ಗಿ ನೋಡ್ಕೊಂಡು ಹೋಗೋರು. ಅದಕ್ಕೆ ಯಾರೂ ಅವರಿಗೆ ಒಂದು ರೂಪಾಯಿ ಜಾಸ್ತಿ ಕೊಡ್ತಿರಲಿಲ್ಲ, ಯಾರೂ ಹೇಳಿಯೂ ಇರಲಿಲ್ಲ. ಡಿಗ್ರಿ ನಂದು, ಆದ್ರೆ ಆ ಸೈಟಿನ ಇಂಜಿನಿಯರ್ ಅವರೇ ಅಂತ ನಾನು ಈಗ್ಲೂ ನಂಬ್ತೀನಿ. ಎಲ್ಲಾದ್ರೂ ಸಿಕ್ಕಿದ್ರೆ ಮಾತಾಡ್ಸು.

ನಮ್ಮ ಪ್ರಾಜೆಕ್ಟ್ ವಿಷಯನೂ ಬರೆದಿಡ್ತೀನಿ, ಮರೆತಿರ್ತೀಯ. ಇಲ್ಲಿನ ರೈಸ್ ಮಿಲ್ಲಿಂದ ಭತ್ತದ ಹೊಟ್ಟಿನ ಬೂದಿ ತಂದು ಸಿಮೆಂಟಿನ ಬದಲು ಸ್ವಲ್ಪ ಸ್ವಲ್ಪ ಸೇರಿಸಿ ಕ್ಯೂಬ್ ಹಾಕಿದ್ವಿ. ಶೇಕಡ 20 ಹಾಕಿದ ಬ್ಯಾಚ್ ನೆಲ ಕಚ್ಚಿತು, ಗ್ರಾಫ್ ನೋಡಿದ್ರೆ ಅಳು ಬರೋ ಹಂಗಿತ್ತು. ಸೀನಿಯರ್ ಒಬ್ಬರು ಆ ಪಾಯಿಂಟ್ ಸ್ವಲ್ಪ ಮೇಲೆತ್ತಿ, ಯಾರು ನೋಡ್ತಾರೆ ಅಂದ್ರು. ನಾವು ನಾಲ್ಕೂ ಜನ ಕೂತು ಮಾತಾಡಿ ಇದ್ದಿದ್ದನ್ನ ಇದ್ದ ಹಾಗೇ ಗೈಡ್ ಸರ್ ಮುಂದೆ ಇಟ್ವಿ. ಸರ್ ಬೈಯಲಿಲ್ಲ, "ಸರಿ, ಯಾಕೆ ಅಂತ ಹುಡುಕ್ರಿ" ಅಂದ್ರು. ಹುಡುಕ್ತಾ ಹೋದಾಗಲೇ ಗೊತ್ತಾಗಿದ್ದು, ಮಿಲ್ ಬಾಯ್ಲರಲ್ಲಿ ಹೊಟ್ಟು ಹೆಂಗೆಂಗೋ ಉರಿಯುತ್ತೆ, ಸರಿಯಾಗಿ ಸುಡದೇ ಇಂಗಾಲ ಉಳಿಯುತ್ತೆ, ಶಾಖ ತೀರಾ ಜಾಸ್ತಿ ಆದ್ರೆ ಅದರಲ್ಲಿರೋ ಸಿಲಿಕಾ ಹರಳುಗಟ್ಟಿ ಸಿಮೆಂಟಿನ ಜೊತೆ ಸೇರಲ್ಲ, ನಿಯಂತ್ರಿಸಿ ಸುಟ್ಟ ಬೂದಿನೇ ಬೇರೆ. ಇಡೀ ಪ್ರಾಜೆಕ್ಟಲ್ಲಿ ನಾನು ನಿಜವಾಗಿ ಕಲಿತಿದ್ದು ಆ ಭಾಗ. ಆ ಒಂದು ಚುಕ್ಕಿ ಮೇಲೆತ್ತಿದ್ರೆ ಅಷ್ಟೂ ಹೋಗ್ತಿತ್ತು.

ಇನ್ನೊಂದು. ಹಿರಿಯೂರು ಹತ್ರ ಮಾರಿಕಣಿವೆಗೆ ಕ್ಲಾಸಿನವರೆಲ್ಲ ಹೋಗಿದ್ವಲ್ಲ, ವಾಣಿವಿಲಾಸ ಸಾಗರ. ಎಲ್ಲರೂ ಫೋಟೋ ತಗೊಳೋದ್ರಲ್ಲಿ ಇದ್ರು, ನಾನು ಆ ಕಲ್ಲಿನ ಗೋಡೆ ನೋಡ್ತಾ ನಿಂತುಬಿಟ್ಟೆ. ಅದು ಕಟ್ಟಿ ಮುಗಿದಿದ್ದು 1907ರಲ್ಲಿ. ಕೋಡಿ ಬಿದ್ದಿದ್ದು 1933ರಲ್ಲಿ, ಅದಾದ್ಮೇಲೆ ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ. ನಡುವೆ 89 ವರ್ಷ! ಬರದ ಸೀಮೆ ನಮ್ದು, ಡ್ಯಾಮ್ ತುಂಬೋದೇ ಅಪರೂಪ ಆಗಿತ್ತು, ಅಂದ್ರೆ ಆ ಗೋಡೆ ಪೂರ್ತಿ ನೀರಿನ ಭಾರ ಹೊರೋ ದಿನ ತಲೆಮಾರಿಗೊಮ್ಮೆನೂ ಬರಲಿಲ್ಲ. ಒಳಗಿನ ಸಾಲಲ್ಲಿ ಒಬ್ಬ ಗಾರೆಯವನು ಗಾರೆ ಕಡಿಮೆ ಹಾಕಿದ್ರೂ ಎಷ್ಟೋ ವರ್ಷ ಯಾರಿಗೂ ಗೊತ್ತಾಗ್ತಿರಲಿಲ್ಲ. 2022ರಲ್ಲಿ ನೀರು ತುಂಬಿ ಬಂತು, ಗೋಡೆ ನಿಂತಿತ್ತು, ಚಿತ್ರದುರ್ಗ ಜಿಲ್ಲೆಯ ಜನ ಎಲ್ಲಾ ಬಂದು ಕೈ ಮುಗಿದು ಬಾಗಿನ ಬಿಟ್ರು. ಕಟ್ಟಿದೋರ ಹೆಸರು ನಮಗ್ಯಾರಿಗೂ ಗೊತ್ತಿಲ್ಲ. ಆದ್ರೆ ಅವರ ಚೀಲದ ತಳದಲ್ಲಿ ಗೊರಬಲು ಇರಲಿಲ್ಲ ಅಂತ ಗೊತ್ತಾಯ್ತು ನೋಡು.

ಈಗ ನಿನ್ನ ವಿಷಯಕ್ಕೆ ಬರ್ತೀನಿ. ನಿನ್ನ ಮುಂದೆ ಯಾರೂ ಸೂಟ್‌ಕೇಸ್ ತಂದು ಇಡಲ್ಲ. ರಾತ್ರಿ ಹನ್ನೊಂದಕ್ಕೆ ಕೊನೆ ಗಾಡಿ ಕಾಂಕ್ರೀಟ್ ತಡವಾಗಿ ಬಂದಿರುತ್ತೆ, ನೀರು ಸರಿಯಾಗಿದೆಯಾ ಅಂತ ಸ್ಲಂಪ್ ನೋಡೋಕೆ ಯಾರಿಗೂ ಪುರುಸೊತ್ತಿಲ್ಲ, ನಿಂಗೂ ಮನೆಗೆ ಹೋದ್ರೆ ಸಾಕಾಗಿರುತ್ತೆ. ಮೆಷರ್‌ಮೆಂಟ್ ಬುಕ್ಕಲ್ಲಿ ಅಳೆಯದೇ ಇರೋದನ್ನ ಅಳೆದೆ ಅಂತ ಒಂದು ಸಾಲು ಬರಿ ಅಂತ ಮೇಲಿನವರು ಪ್ರೀತಿಯಿಂದಲೇ ಹೇಳ್ತಾರೆ. ಹೆಣ್ಮಗಳು, ಹೊಸಬಳು, ಎಲ್ಲರ ಜೊತೆ ಹೊಂದ್ಕೊಂಡು ಹೋಗು ಅಂತ ಬುದ್ಧಿ ಹೇಳೋರೂ ಇರ್ತಾರೆ. ಅಡಿಕೆ ಬರೋದು ಹಂಗೇ, ಅಡಿಕೆ ಸೈಜಲ್ಲೇ. ಆಗ ಜಗಳ ಮಾಡ್ಬೇಡ, ಭಾಷಣ ಮಾಡ್ಬೇಡ, "ನಾನು ನೋಡಿಲ್ಲ ಸರ್, ನೋಡಿ ಆಮೇಲೆ ಸೈನ್ ಹಾಕ್ತೀನಿ" ಅಷ್ಟು ಅನ್ನು. ಮೇಸ್ತ್ರಿಗಳ ಮೇಲೆ ದರ್ಪ ಬೇಡ, ತಪ್ಪು ಕಂಡ್ರೆ ಬಿಡಿಸಿ ಹೇಳು, ಅವರಿಗೆ ಅವಮಾನ ಆಗೋ ಹಂಗೆ ಕೂಗಾಡ್ಬೇಡ, ಮಾನ ಅವರಿಗೂ ಇದೆ.

ಇಷ್ಟು ಬರೆಯೋದು ಸುಲಭ, ಮಾಡೋಕೆ ಧೈರ್ಯ ಒಂದೇ ಸಾಲದು, ದುಡ್ಡೂ ಬೇಕು, ಇದನ್ನ ಯಾರೂ ಹೇಳಲ್ಲ. ಅಜ್ಜ ತೂಕದ ಆಸೆ ಬಿಡೋಕೆ ಆಗಿದ್ದು ಸಾಹುಕಾರನ ಹತ್ರ ಮುಂಗಡ ತಗೊಂಡಿರಲಿಲ್ಲ ಅಂತ. ಕೊಯ್ಲಿಗೆ ಮುಂಚೆನೇ ಸಾಲ ಮಾಡಿ ತಿಂದವರಿಗೆ ಇಲ್ಲ ಅನ್ನೋ ದಾರಿನೇ ಇರಲ್ಲ. ಮನೆ ಪರಿಸ್ಥಿತಿ ನಂಗೆ ಗೊತ್ತು, ಎಲೆಚುಕ್ಕಿ ರೋಗ ಬಂದು ತೋಟದ ಅರ್ಧ ಇಳುವರಿ ಹೋಗಿದೆ, ತಮ್ಮಂದು ಪಿಯುಸಿ ಇನ್ನೂ ಮುಗಿದಿಲ್ಲ, ನನ್ನ ಎಜುಕೇಶನ್ ಲೋನ್ ಕಂತು ಸದ್ಯದಲ್ಲೇ ಶುರು ಆಗುತ್ತೆ. ಅದಕ್ಕೆ ನಾನು ಈಗ್ಲೇ ತೀರ್ಮಾನ ಮಾಡಿದೀನಿ, ಮೊದಲನೇ ಸಂಬಳದಿಂದ ಕಂತು ಕಟ್ಟಿ, ಮನೆಗೆ ಕಳಿಸಿ, ಉಳಿದಿದ್ದರಲ್ಲಿ ಎಷ್ಟಾಗುತ್ತೋ ಅಷ್ಟನ್ನ ಬೇರೆ ಅಕೌಂಟಿಗೆ ಹಾಕ್ತೀನಿ. ಆರು ತಿಂಗಳು ಕೆಲಸ ಇಲ್ಲದೇ ಇದ್ರೂ ನಡೆಯೋವಷ್ಟು ಆಗೋವರೆಗೂ ಗಾಡಿ ಇಲ್ಲ, ಹೊಸ ಫೋನಿಲ್ಲ. ಆ ದುಡ್ಡು ಇರೋದು ನೀನು ಸೈನ್ ಹಾಕಲ್ಲ ಅನ್ನೋ ದಿನಕ್ಕೆ.

ಆ ದಿನ ಆಗ್ಲೇ ಬಂದು ಹೋಗಿದ್ರೆ, ಕೆಲಸ ಬಿಟ್ಟು ಊರಲ್ಲಿ ಕೂತ್ಕೊಂಡು ಇದನ್ನ ಓದ್ತಿದ್ರೆ, ಅಪ್ಪನ ಮುಂದೆ ತಲೆ ತಗ್ಗಿಸ್ಬೇಡ. ಏನಾಯ್ತು ಅಂತ ಪೂರ್ತಿ ಹೇಳು, ಅಪ್ಪ ಅಜ್ಜನ ಮಗ, ಅವರಿಗೆ ಅರ್ಥ ಆಗುತ್ತೆ. ಇನ್ನೂ ಬಂದಿಲ್ಲ ಅಂದ್ರೆ ಇವತ್ತೇ ಆ ಅಕೌಂಟ್ ತೆಗೆದು ಎಷ್ಟಿದೆ ನೋಡು, ಕಡಿಮೆ ಇದ್ರೆ ಈ ತಿಂಗಳಿಂದಲೇ ತುಂಬಕ್ಕೆ ಶುರು ಮಾಡು.

ನಿನ್ನವಳೇ,
ಕಾವ್ಯ
ಸಿವಿಲ್, ಫೈನಲ್ ಇಯರ್