ಬೆಣ್ಣೆ ಚಕ್ಕುಲಿ: ಕಡಲೆಕಾಯಿ ಎಣ್ಣೆಯಲ್ಲಿ ಕರಿದದ್ದು, ಗಾಳಿಯಾಡದ ಪೊಟ್ಟಣದಲ್ಲಿ

ಅಕ್ಕಿ ಹಿಟ್ಟು, ಹುರಿದು ಬೀಸಿದ ಉದ್ದಿನಬೇಳೆ ಹಿಟ್ಟು ಮತ್ತು ಬೆಣ್ಣೆ ಸೇರಿಸಿ, ಮೈಸೂರಿನ ನಮ್ಮ ಅಡುಗೆಮನೆಯಲ್ಲಿ ಹಿತ್ತಾಳೆಯ ಒರಳಿನಿಂದ ಕೈಯಲ್ಲೇ ಒತ್ತಿ ಕರಿದ ಚಕ್ಕುಲಿ ಇದು. 250 ಗ್ರಾಂ ಪೊಟ್ಟಣಕ್ಕೆ ₹150 ಮತ್ತು 500 ಗ್ರಾಂ ಪೊಟ್ಟಣಕ್ಕೆ ₹290 ಬೆಲೆಯಿದ್ದು, ತೆರಿಗೆ ಇದರಲ್ಲೇ ಸೇರಿದೆ. ಸಾಗಣೆ ವೆಚ್ಚ ಪ್ರತ್ಯೇಕ. ಚಿಕ್ಕ ಪೊಟ್ಟಣದಲ್ಲಿ ಸುಮಾರು 18 ಚಕ್ಕುಲಿಗಳಿರುತ್ತವೆ. ಕೈಯಿಂದ ಒತ್ತಿದ್ದಾದ್ದರಿಂದ ಸಂಖ್ಯೆಯಲ್ಲಿ ಒಂದೆರಡು ಹೆಚ್ಚುಕಡಿಮೆಯಾಗಬಹುದು, ತೂಕದಲ್ಲಿ ಆಗುವುದಿಲ್ಲ.

ಕರಿಯಲು ಕಡಲೆಕಾಯಿ ಎಣ್ಣೆಯೊಂದನ್ನೇ ಬಳಸುತ್ತೇವೆ. ತಾಳೆ ಎಣ್ಣೆಯನ್ನಾಗಲಿ, ವನಸ್ಪತಿಯನ್ನಾಗಲಿ, ಬೆರಕೆ ಎಣ್ಣೆಯನ್ನಾಗಲಿ ಸೇರಿಸುವುದಿಲ್ಲ. ಒಮ್ಮೆ ಕಾಯಿಸಿದ ಎಣ್ಣೆಯನ್ನು ಮರುದಿನದ ಬಾಣಲೆಗೆ ಹಾಕುವುದಿಲ್ಲ. ಉಳಿದದ್ದನ್ನು ಜೈವಿಕ ಡೀಸೆಲ್ ತಯಾರಿಕೆಗೆಂದು ಸಂಗ್ರಹಿಸುವವರಿಗೆ ಕೊಟ್ಟುಬಿಡುತ್ತೇವೆ. ಬಳಸಿದ ಎಣ್ಣೆಯಲ್ಲಿ, ಅದು ಕಾದು ಕೆಡುತ್ತಾ ಹೋದಂತೆ ಹೆಚ್ಚುವ ಧ್ರುವೀಯ ಸಂಯುಕ್ತಗಳ ಒಟ್ಟು ಪ್ರಮಾಣ ಶೇಕಡ 25ನ್ನು ಮೀರಬಾರದೆಂಬುದು 2018ರಿಂದ ಜಾರಿಯಲ್ಲಿರುವ ನಿಯಮ. ಆದರೆ ಚಕ್ಕುಲಿಯ ವಿಷಯದಲ್ಲಿ ಆ ಮಿತಿಯವರೆಗೂ ಹೋಗುವುದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಏಕೆಂದರೆ ಮತ್ತೆ ಮತ್ತೆ ಕಾದ ಎಣ್ಣೆಯಲ್ಲಿ ಕರಿದ ತಿಂಡಿ ಬೇಗ ಕಮಟು ಹಿಡಿಯುತ್ತದೆ, ಮತ್ತು ಎಷ್ಟೇ ಚೆನ್ನಾಗಿ ಪ್ಯಾಕ್ ಮಾಡಿದರೂ ಆ ದೋಷವನ್ನು ಆಮೇಲೆ ಸರಿಪಡಿಸಲಾಗದು.

ಗರಿಗರಿತನಕ್ಕೆ ಸೋಡಾ ಹಾಕುವುದಿಲ್ಲ. ನಾಲ್ಕು ಪಾಲು ಅಕ್ಕಿ ಹಿಟ್ಟಿಗೆ ಒಂದು ಪಾಲು ಉದ್ದಿನ ಹಿಟ್ಟು ಹಾಕಿ, ಕಾಯಿಸಿದ ಬೆಣ್ಣೆಯನ್ನು ಹಿಟ್ಟಿಗೆಲ್ಲ ಹತ್ತುವಂತೆ ಉಜ್ಜಿ, ಆನಂತರವೇ ನೀರು ಹಾಕಿ ಕಲಸುತ್ತೇವೆ. ಬೆಣ್ಣೆ ಕಡಿಮೆಯಾದರೆ ಚಕ್ಕುಲಿ ಕಲ್ಲಿನಂತಾಗುತ್ತದೆ, ಹೆಚ್ಚಾದರೆ ಎಣ್ಣೆಯಲ್ಲೇ ಪುಡಿಯಾಗಿ ಹರಡುತ್ತದೆ. ಜೀರಿಗೆ, ಓಮ, ಬಿಳಿ ಎಳ್ಳು, ಇಂಗು ಮತ್ತು ಉಪ್ಪು, ಇವಿಷ್ಟೇ ಉಳಿದ ಸಾಮಗ್ರಿಗಳು. ಮಧ್ಯಮ ಉರಿಯಲ್ಲಿ, ಚಕ್ಕುಲಿಯ ಸುತ್ತ ಏಳುವ ನೊರೆ ಪೂರ್ತಿ ಅಡಗಿ ಬಾಣಲೆಯ ಸದ್ದು ನಿಲ್ಲುವವರೆಗೂ ಕರಿಯುತ್ತೇವೆ, ಏಕೆಂದರೆ ನೊರೆ ಬರುತ್ತಿದೆಯೆಂದರೆ ಒಳಗೆ ಇನ್ನೂ ನೀರಿನಂಶವಿದೆ ಎಂದರ್ಥ. ಹಾಗೆ ಕರಿದ ಚಕ್ಕುಲಿಯನ್ನು ಮುರಿದಾಗ ಚಟ್ಟೆಂದು ಸದ್ದು ಬರುತ್ತದೆ, ಮುರಿದ ಕಡೆ ಸಣ್ಣ ಸಣ್ಣ ರಂಧ್ರಗಳು ಕಾಣುತ್ತವೆ, ಬಣ್ಣ ನಡುವಿನಿಂದ ಅಂಚಿನವರೆಗೂ ಒಂದೇ ಸಮನಾದ ಹೊಂಬಣ್ಣವಾಗಿರುತ್ತದೆ. ಹಲ್ಲಿಗೆ ಬಲ ಬೇಕಾಗುವ ಗಟ್ಟಿ ಚಕ್ಕುಲಿಯನ್ನು ಇಷ್ಟಪಡುವವರಿಗೆ ಇದು ಸ್ವಲ್ಪ ಮೃದುವೆನಿಸಬಹುದು.

ಕರಿದ ಚಕ್ಕುಲಿ ಕೋಣೆಯ ತಾಪಮಾನಕ್ಕೆ ಪೂರ್ಣವಾಗಿ ಆರುವ ತನಕ ಪ್ಯಾಕ್ ಮಾಡುವುದಿಲ್ಲ. ಬಿಸಿಯಿರುವಾಗಲೇ ಮುಚ್ಚಿದರೆ ಒಳಗಿನ ಹಬೆಯೇ ತೇವವಾಗಿ, ತಲುಪುವ ಹೊತ್ತಿಗೆ ಅದು ಮೆತ್ತಗಾಗಿರುತ್ತದೆ. ಪೊಟ್ಟಣವು ಒಳಮೈಯಲ್ಲಿ ಲೋಹದ ಲೇಪನವಿರುವ, ಆಹಾರಕ್ಕೆ ಯೋಗ್ಯವಾದ ಬಹುಪದರದ ಹಾಳೆಯದಾಗಿದ್ದು, ಬೆಳಕು, ತೇವ ಮತ್ತು ಗಾಳಿಯನ್ನು ತಡೆಯುತ್ತದೆ. ಒಳಗಿನ ಗಾಳಿಯನ್ನು ಹೊರಹಾಕಿ ಸಾರಜನಕ ತುಂಬಿಸಿ, ಬಾಯಿಯನ್ನು ಶಾಖದಿಂದ ಬೆಸೆಯುತ್ತೇವೆ. ಆಮ್ಲಜನಕವಿಲ್ಲದಿದ್ದರೆ ಎಣ್ಣೆ ಕಮಟಾಗುವುದು ನಿಧಾನವಾಗುತ್ತದೆ, ಜೊತೆಗೆ ಉಬ್ಬಿದ ಪೊಟ್ಟಣವು ಸಾಗಣೆಯ ಪೆಟ್ಟನ್ನೂ ತಾಳಿಕೊಳ್ಳುತ್ತದೆ. ಹೀಗಿದ್ದರೂ ಎರಡು ಮೂರು ಚಕ್ಕುಲಿಗಳು ಮುರಿದಿರುವ ಸಾಧ್ಯತೆಯಿದೆ, ಅದಕ್ಕೆ ಬದಲಿ ಕೊಡಲಾಗುವುದಿಲ್ಲ. ಪೊಟ್ಟಣವೇ ತೂತಾಗಿದ್ದರೆ, ಗಾಳಿ ಹೋಗಿ ಚಪ್ಪಟೆಯಾಗಿದ್ದರೆ ಅಥವಾ ಬೆಸುಗೆ ಬಿಟ್ಟಿದ್ದರೆ, ಅದನ್ನು ತೆರೆಯದೆ 48 ಗಂಟೆಗಳೊಳಗೆ ಛಾಯಾಚಿತ್ರ ಕಳುಹಿಸಿರಿ. ಬದಲಿ ಪೊಟ್ಟಣವನ್ನು ನಮ್ಮ ವೆಚ್ಚದಲ್ಲಿ ಕಳುಹಿಸುತ್ತೇವೆ.

ತೆರೆಯದ ಪೊಟ್ಟಣವು ತಯಾರಿಸಿದ ದಿನದಿಂದ 45 ದಿನಗಳವರೆಗೆ ಬಳಸಲು ಯೋಗ್ಯ. ತಯಾರಿಕೆಯ ದಿನಾಂಕ, ಬಳಕೆಯ ಕೊನೆಯ ದಿನಾಂಕ ಮತ್ತು ಬ್ಯಾಚ್ ಸಂಖ್ಯೆಯನ್ನು ಹಿಂಬದಿಯಲ್ಲಿ ಮುದ್ರಿಸಿರುತ್ತೇವೆ, ಮತ್ತು ತಯಾರಿಸಿ ಐದು ದಿನ ಕಳೆದ ಪೊಟ್ಟಣವನ್ನು ನಮ್ಮಿಂದ ರವಾನಿಸುವುದಿಲ್ಲ. ಸಂರಕ್ಷಕಗಳನ್ನು ಹಾಕದ ಕಾರಣ ಇದಕ್ಕಿಂತ ದೀರ್ಘ ಅವಧಿಯನ್ನು ನಮೂದಿಸಲು ನಾವು ಒಪ್ಪುವುದಿಲ್ಲ. ತೆರೆದ ಮೇಲೆ ಬಿಗಿ ಮುಚ್ಚಳದ, ಒಣಗಿದ ಸ್ಟೀಲ್ ಡಬ್ಬಿಗೆ ಹಾಕಿ, ಒಲೆಯಿಂದಲೂ ಬಿಸಿಲಿನಿಂದಲೂ ದೂರವಿಟ್ಟು, 15 ದಿನಗಳೊಳಗೆ ತಿನ್ನುವುದು ಉತ್ತಮ. ಫ್ರಿಜ್‌ನಲ್ಲಿ ಇಡಬಾರದು, ಹೊರತೆಗೆದಾಗ ತಣ್ಣನೆಯ ಚಕ್ಕುಲಿಯ ಮೇಲೆ ತೇವ ಕೂರುತ್ತದೆ. ಮಳೆಗಾಲದಲ್ಲಿ ಮೆತ್ತಗಾದರೆ 150 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ ನಾಲ್ಕೈದು ನಿಮಿಷ ಇಟ್ಟು ಆರಿಸಿದರೆ ಮತ್ತೆ ಗರಿಗರಿಯಾಗುತ್ತದೆ, ಆದರೆ ಕಮಟು ವಾಸನೆ ಬಂದದ್ದನ್ನು ತಿನ್ನಬಾರದು.

ಇದು ಸಂಪೂರ್ಣ ಸಸ್ಯಾಹಾರಿ ತಿಂಡಿ. ಕಡಲೆಕಾಯಿ, ಎಳ್ಳು ಅಥವಾ ಹಾಲಿನ ಅಲರ್ಜಿಯಿರುವವರು ದಯವಿಟ್ಟು ಇದನ್ನು ಖರೀದಿಸಬೇಡಿರಿ. ಚಕ್ಕುಲಿಗೆ ಗೋಧಿ ಹಾಕದಿದ್ದರೂ ನಾವು ಬಳಸುವ ಇಂಗಿನ ಪುಡಿಯಲ್ಲಿ ಗೋಧಿ ಹಿಟ್ಟು ಬೆರೆತಿರುವುದರಿಂದ, ಗ್ಲುಟೆನ್ ವರ್ಜಿಸಿರುವವರಿಗೂ ಇದು ಹೊಂದುವುದಿಲ್ಲ. ಅಂಥವರು ಒಂದು ವಾರ ಮುಂಚಿತವಾಗಿ ತಿಳಿಸಿದರೆ ಇಂಗಿಲ್ಲದೆ ಮಾಡಿಕೊಡುತ್ತೇವೆ. ಆದರೆ ಅದೇ ಅಡುಗೆಮನೆಯಲ್ಲಿ ಗೋಧಿಯ ತಿಂಡಿಗಳೂ ತಯಾರಾಗುವುದರಿಂದ, ಸೀಲಿಯಾಕ್ ಕಾಯಿಲೆ ಇರುವವರಿಗೆ ಅದನ್ನೂ ಕೊಡುವುದಿಲ್ಲ.