ಚಿಕ್ಕ ಮಕ್ಕಳಿಗೆ ಫೋನ್, ಟಿವಿ ಎಷ್ಟು ಹೊತ್ತು? (ವಿಡಿಯೊ ಸ್ಕ್ರಿಪ್ಟ್)

(ಅಡುಗೆಮನೆ. ಒಲೆಯ ಮೇಲೆ ಪಾತ್ರೆ. ಹಿಂದೆ ನೆಲದ ಮೇಲೆ ಮಗು, ಕೈಯಲ್ಲಿ ಫೋನ್. ಮಗುವಿನ ಮುಖ ತೋರಿಸುವುದು ಬೇಡ.)

ನಮಸ್ಕಾರ. ಸಂಜೆ ಆರೂವರೆ ಆಗಿದೆ. ಒಲೆಯ ಮೇಲೆ ಎಣ್ಣೆ ಕಾಯುತ್ತಿದೆ, ಒಂದೂವರೆ ವರ್ಷದವನು ಕಾಲಿಗೆ ಜೋತು ಬಿದ್ದಿದ್ದಾನೆ, ನಾಲ್ಕು ವರ್ಷದವಳು ಏನೋ ಬೇಕು ಅಂತ ಅಳುತ್ತಿದ್ದಾಳೆ. ನಾನು ಫೋನ್ ಕೊಟ್ಟುಬಿಟ್ಟೆ. ನೀವೂ ಕೊಟ್ಟಿರುತ್ತೀರಿ, ಅಲ್ವಾ? ಅಷ್ಟಕ್ಕೇ ಯಾರೂ ಕೆಟ್ಟ ಅಮ್ಮ, ಕೆಟ್ಟ ಅಪ್ಪ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮನಸ್ಸಿನಲ್ಲಿ ಅಳುಕು ಇಟ್ಟುಕೊಂಡು ಕೂತರೆ ಮುಂದೆ ಹೇಳುವ ಯಾವುದೂ ಕಿವಿಗೆ ಬೀಳುವುದಿಲ್ಲ.

(ನೇರ ಕ್ಯಾಮೆರಾ.)

ಮೊದಲು ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಇದು: ಒಂದು ವರ್ಷ ತುಂಬುವವರೆಗೆ ಸ್ಕ್ರೀನ್ ಬೇಡ, ಒಂದರಿಂದ ಎರಡರ ನಡುವೆಯೂ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ, ಅದಕ್ಕಿಂತ ಕಡಿಮೆ ಆದರೆ ಇನ್ನೂ ಒಳ್ಳೆಯದು. ಅಜ್ಜಿ ತಾತನ ಜೊತೆ ವಿಡಿಯೊ ಕಾಲ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಅಲ್ಲಿ ಆ ಕಡೆ ಒಬ್ಬರು ಮಗು ನಕ್ಕರೆ ನಗುತ್ತಾರೆ, ಕೇಳಿದರೆ ಉತ್ತರ ಕೊಡುತ್ತಾರೆ. ಕಾರ್ಟೂನ್ ಹಾಗೆ ಮಾಡುವುದಿಲ್ಲ. ಪುಟ್ಟ ಮಕ್ಕಳು ಮಾತು ಕಲಿಯುವುದು ಹೀಗೆ ಮಾತು ಕೊಟ್ಟು ಮಾತು ತೆಗೆದುಕೊಂಡೇ.

ನಮ್ಮ ಮನೆಯಲ್ಲಿ ದೊಡ್ಡವಳ ಒಂದು ಗಂಟೆ ಹೀಗೆ ಹೋಗುತ್ತದೆ: ಸಂಜೆ ಅಡುಗೆ ಹೊತ್ತಲ್ಲಿ 25 ನಿಮಿಷ, ಬೆಳಿಗ್ಗೆ ನಾನು ಸ್ನಾನಕ್ಕೆ ಹೋದಾಗ 15 ನಿಮಿಷ. ಉಳಿದ 20 ನಿಮಿಷ ಕೈಯಲ್ಲಿ ಇರಲಿ ಅಂತ ಬಿಟ್ಟಿರುತ್ತೇನೆ. ಕೆಲವು ದಿನ ಬೇಕಾಗುತ್ತದೆ, ಕೆಲವು ದಿನ ಬೇಕಾಗುವುದೇ ಇಲ್ಲ. ಚಿಕ್ಕವನಿಗೆ ಸೊನ್ನೆ ಅಂತ ಲೆಕ್ಕ. ಆದರೆ ಅಕ್ಕ ನೋಡುವಾಗ ಅವನೂ ಇಣುಕುತ್ತಾನೆ, ಅದಕ್ಕೆ ಈಗೀಗ ಅವನಿಗೆ ಒಂದು ಡಬ್ಬಿ, ನಾಲ್ಕು ಚಮಚ ಕೊಟ್ಟು ನನ್ನ ಹತ್ತಿರ, ಒಲೆಯಿಂದ ದೂರ ಕೂರಿಸುತ್ತೇನೆ. ಸದ್ದು ಜಾಸ್ತಿ, ಆದರೆ ನಡೆಯುತ್ತದೆ.

(ಹತ್ತಿರದ ಶಾಟ್: ಫೋನ್ ಮೇಲೆ ಮಗುವಿನ ಬೆರಳು. ವಿಡಿಯೊ ಮುಗಿಯುತ್ತದೆ, ಮುಂದಿನದು ತಾನಾಗೇ ಶುರುವಾಗುತ್ತದೆ.)

ಈಗ ನಿಜವಾದ ಕಷ್ಟಕ್ಕೆ ಬರೋಣ. ಕೊಡುವುದು ಸುಲಭ, ವಾಪಸ್ ತೆಗೆದುಕೊಳ್ಳುವುದೇ ಯುದ್ಧ. ಇಲ್ಲಿ ನೋಡಿ. ವಿಡಿಯೊ ಮುಗಿಯುತ್ತದೆ, ಮಗು ಒಂದು ಕ್ಷಣ ತಲೆ ಎತ್ತುತ್ತದೆ, ಕಣ್ಣು ಮಿಟುಕಿಸುತ್ತದೆ, ಇನ್ನೇನು ಎದ್ದು ಬರಬೇಕು, ಅಷ್ಟರಲ್ಲಿ ಮುಂದಿನದು ಶುರು, ತಲೆ ಮತ್ತೆ ಕೆಳಗೆ. ಮಗು ತಲೆ ಎತ್ತಿದ ಆ ಒಂದು ಕ್ಷಣ ನಮಗೆ ಬೇಕು. ಆಟೋಪ್ಲೇ ಆಫ್ ಮಾಡಿದರೆ ಅದು ಸಿಗುತ್ತದೆ.

ಇನ್ನೊಂದು ವಿಷಯ. "ಇನ್ನು ಐದು ನಿಮಿಷ" ಅಂದರೆ ನಾಲ್ಕು ವರ್ಷದ ಮಗುವಿಗೆ ಏನೂ ಅರ್ಥ ಆಗುವುದಿಲ್ಲ. "ಈ ಕಥೆ ಮುಗಿದ ಮೇಲೆ ಫೋನ್ ನನಗೆ" ಅಂದರೆ ಅರ್ಥ ಆಗುತ್ತದೆ. ಕಥೆ ಮುಗಿಯುವ ಹೊತ್ತಿಗೆ ನೀವು ಹತ್ತಿರ ಇರಬೇಕು. ಅಡುಗೆಮನೆಯಿಂದ ಕೂಗಿದರೆ ಆಗುವುದಿಲ್ಲ, ನಾನು ಕೂಗಿ ಕೂಗಿ ನೋಡಿದ್ದೇನೆ. ಪಕ್ಕದಲ್ಲಿ ಕೂತು ಕೊನೆಯ ಒಂದು ನಿಮಿಷ ಜೊತೆಗೇ ನೋಡಿ, "ಆ ನಾಯಿ ಎಲ್ಲಿ ಹೋಯ್ತು?" ಅಂತ ಕೇಳಿ, ಆಮೇಲೆ ಆಫ್ ಬಟನ್ ಮಗುವಿನ ಕೈಯಲ್ಲೇ ಒತ್ತಿಸಿ, ತಕ್ಷಣ ಮುಂದಿನ ಕೆಲಸಕ್ಕೆ ಕರೆದುಕೊಂಡು ಹೋಗಿ, ತಟ್ಟೆ ಇಡುವುದೋ, ಬಟ್ಟೆ ಮಡಚುವುದೋ, ಏನಾದರೂ ಸರಿ.

ಅಳುತ್ತದೆಯೇ? ಅಳುತ್ತದೆ. ಮೊದಲ ಕೆಲವು ದಿನ ಜೋರಾಗಿಯೇ ಅಳುತ್ತದೆ. ಎತ್ತಿಕೊಳ್ಳಿ, ಸಮಾಧಾನ ಮಾಡಿ, ಆದರೆ ಅಳು ನಿಲ್ಲಿಸಲು ಅದೇ ಫೋನ್ ಮತ್ತೆ ಕೊಡಬೇಡಿ. ಕೊಟ್ಟರೆ, ಅತ್ತರೆ ಸಿಗುತ್ತದೆ ಅಂತ ಮಗು ಕಲಿಯುತ್ತದೆ, ನಾಳೆ ಇನ್ನೂ ಜೋರಾಗಿ ಅಳುತ್ತದೆ.

(ಮಲಗುವ ಕೋಣೆ. ದೀಪ ಮಂದ.)

ಎರಡು ಹೊತ್ತಲ್ಲಿ ಮಾತ್ರ ನಾನು ಬಗ್ಗುವುದಿಲ್ಲ. ಊಟದ ಹೊತ್ತು, ಮತ್ತು ಮಲಗುವ ಮುಂಚಿನ ಒಂದು ಗಂಟೆ. ಫೋನ್ ನೋಡುತ್ತಾ ತಿನ್ನುವ ಮಗುವಿಗೆ ಹೊಟ್ಟೆ ತುಂಬಿದ್ದು ಗೊತ್ತಾಗುವುದಿಲ್ಲ. ರಾತ್ರಿ ನೋಡಿದರೆ ನಿದ್ದೆ ತಡವಾಗುತ್ತದೆ, ಬೆಳಿಗ್ಗೆ ರಗಳೆ. ಯಾರೂ ನೋಡದೆ ಸುಮ್ನೆ ಓಡುತ್ತಿರುವ ಟಿವಿಯನ್ನೂ ಆರಿಸಿ. ಅದು ಓಡುತ್ತಿದ್ದರೆ ನಾವೇ ಮಗುವಿನ ಜೊತೆ ಕಡಿಮೆ ಮಾತಾಡುತ್ತೇವೆ.

ಮಗುವಿಗೆ ಜ್ವರ, ದೂರದ ಪ್ರಯಾಣ, ನಿಮಗೇ ಹುಷಾರಿಲ್ಲ, ಅಂಥ ದಿನ ಎರಡು ಗಂಟೆ ಆಗಬಹುದು. ಆಗಲಿ. ಮರುದಿನ ಅದನ್ನು ಕಳೆಯಲು ಹೋಗಬೇಡಿ, ಮಾಮೂಲಿ ಲೆಕ್ಕಕ್ಕೆ ಬನ್ನಿ.

ಮನೆಯಲ್ಲಿ ಈಗ ದಿನಕ್ಕೆ ಮೂರು ಗಂಟೆ ನಡೆಯುತ್ತಿದ್ದರೆ ನಾಳೆಯೇ ಒಂದಕ್ಕೆ ಇಳಿಸಬೇಡಿ. ಈ ವಾರ ಊಟದ ಹೊತ್ತಿನದು ಮಾತ್ರ ನಿಲ್ಲಿಸಿ. ಮುಂದಿನ ವಾರ ರಾತ್ರಿಯದು. ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವ ಎಲ್ಲರಿಗೂ ಇದನ್ನು ಮೊದಲೇ ಹೇಳಿ, ಇಲ್ಲದಿದ್ದರೆ ನೀವು ತೆಗೆದಿಟ್ಟಿದ್ದನ್ನು ಇನ್ನೊಬ್ಬರು ಪ್ರೀತಿಯಿಂದಲೇ ಕೊಡುತ್ತಾರೆ.

ಇವತ್ತು ಮಕ್ಕಳು ಮಲಗಿದ ಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ ಆಟೋಪ್ಲೇ ಆಫ್ ಮಾಡಿ. ನಾಳೆ ಸಂಜೆಗೆ ಅಷ್ಟು ಸಾಕು.