ಶುಲ್ಕದ ಸುತ್ತೋಲೆಯ ಆರನೇ ನಿಯಮದ ಬಗ್ಗೆ ಮುಖ್ಯೋಪಾಧ್ಯಾಯಿನಿಯವರಿಗೆ ಪತ್ರ

ಡೊಂಬಿವಲಿ ಪೂರ್ವ
28 ಮೇ 2025

ಮುಖ್ಯೋಪಾಧ್ಯಾಯಿನಿಯವರಿಗೆ,

ವಿಷಯ: 2025-26ನೇ ಸಾಲಿನ ಶುಲ್ಕದ ಸುತ್ತೋಲೆ, ನಿಯಮ 6, ಒಡಹುಟ್ಟಿದವರ ರಿಯಾಯಿತಿ

ಮೇಡಂ, ನಮಸ್ಕಾರ.

ನಾನು ಏಳನೇ ತರಗತಿ ಬಿ ವಿಭಾಗಕ್ಕೆ ಹೋಗುತ್ತಿರುವ ಅನ್ವಿತಾ ಮತ್ತು ಮೂರನೇ ತರಗತಿ ಎ ವಿಭಾಗಕ್ಕೆ ಹೋಗುತ್ತಿರುವ ಆರ್ಯನ್, ಇವರಿಬ್ಬರ ತಾಯಿ. ರಜೆಯಲ್ಲಿ ತೊಂದರೆ ಕೊಡುತ್ತಿದ್ದೇನೆ, ಕ್ಷಮಿಸಿ. ಆದರೆ ಮೊದಲ ಕಂತಿಗೆ ಜೂನ್ 20 ಕೊನೆಯ ದಿನ, ಅದಕ್ಕೆ ಮೊದಲು ಒಂದು ವಿಷಯ ಖಚಿತವಾಗಿ ಗೊತ್ತಾಗಬೇಕಿದೆ. ಆಫೀಸು ರಜೆಯಲ್ಲಿ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಮಾತ್ರ ತೆರೆದಿರುತ್ತದೆ. ಆ ಹೊತ್ತಿಗೆ ನಾನು ಫೋರ್ಟ್‌ನಲ್ಲಿ ಕೆಲಸದಲ್ಲಿರುತ್ತೇನೆ, ಮನೆಯವರು ಕ್ಯಾಂಟೀನ್ ಬಿಟ್ಟು ಬರುವ ಹಾಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಇನ್ನೊಂದು ಕಾರಣವೂ ಇದೆ: ಕಿಟಕಿಯಲ್ಲಿ ಬಾಯಿಮಾತಿನಲ್ಲಿ ಸಿಕ್ಕ ಉತ್ತರ ಒಬ್ಬರಿಂದ ಇನ್ನೊಬ್ಬರಿಗೆ ಹೋಗುವಾಗ ಬೇರೆಯೇ ಆಗಿಬಿಡುತ್ತದೆ, ನೀವು ಬರೆದು ಕೊಟ್ಟರೆ ಎಲ್ಲರಿಗೂ ಒಂದೇ ಉತ್ತರ ಇರುತ್ತದೆ.

ಸುತ್ತೋಲೆಯ ಮೂಲ ಪ್ರತಿ ನನ್ನ ಕೈಯಲ್ಲಿಲ್ಲ. ನೋಟಿಸ್ ಬೋರ್ಡಿನ ಮೇಲಿದ್ದದ್ದನ್ನು ಒಬ್ಬ ಪಾಲಕರು ಮೊಬೈಲ್‌ನಲ್ಲಿ ಫೋಟೋ ತೆಗೆದು ತರಗತಿಯ ವಾಟ್ಸಾಪ್ ಗುಂಪಿಗೆ ಹಾಕಿದರು, ನಾವೆಲ್ಲ ಅದನ್ನೇ ನೋಡಿಕೊಂಡು ಲೆಕ್ಕ ಹಾಕುತ್ತಿದ್ದೇವೆ. ಬೋರ್ಡಿನ ಗಾಜಿನ ಮೇಲೆ ಟ್ಯೂಬ್‌ಲೈಟ್ ಬಿದ್ದು ನಡುವೆ ಒಂದು ಬಿಳಿ ಪಟ್ಟೆ ಇದೆ. ಆದರೂ ಅಂಕಿಗಳೆಲ್ಲ ಓದಲು ಬರುತ್ತವೆ. ತೊಂದರೆ ಇರುವುದು ತಳದಲ್ಲಿ. ಕೊನೆಯ ಎರಡು ಸಾಲು ಫೋಟೋದಲ್ಲಿ ಬಂದಿಲ್ಲ, ನಿಮ್ಮ ಸಹಿಯ ಮೇಲಿನ ಅರ್ಧ ಮಾತ್ರ ಕಾಣುತ್ತದೆ. ಆದ್ದರಿಂದ ನಾನು ಏನು ಓದಿಕೊಂಡಿದ್ದೇನೆ ಅಂತ ಮೊದಲು ಬರೆದುಬಿಡುತ್ತೇನೆ. ತಪ್ಪಿದ್ದರೆ ದಯವಿಟ್ಟು ಅಲ್ಲೇ ತಿದ್ದಿ.

ಶುಲ್ಕ ಹೋದ ವರ್ಷದಷ್ಟೇ ಇದೆ. ಒಂದರಿಂದ ನಾಲ್ಕನೇ ತರಗತಿಗೆ ತಿಂಗಳಿಗೆ 2,150 ರೂಪಾಯಿ ಟ್ಯೂಷನ್ ಫೀ, ಐದರಿಂದ ಎಂಟಕ್ಕೆ 2,450. ವರ್ಷಕ್ಕೆ ಎರಡು ಟರ್ಮ್ ಫೀ, ಪ್ರತಿಯೊಂದೂ ಒಂದು ತಿಂಗಳ ಟ್ಯೂಷನ್ ಫೀಯಷ್ಟು. ಇದರ ಮೇಲೆ ಕಂಪ್ಯೂಟರ್, ಚಟುವಟಿಕೆ, ಪರೀಕ್ಷೆ, ಡೈರಿ ಮತ್ತು ಐಡಿ ಕಾರ್ಡ್, ಇವೆಲ್ಲ ವರ್ಷಕ್ಕೊಮ್ಮೆ ಮೊದಲ ಕಂತಿನ ಜೊತೆ. ನನ್ನ ಲೆಕ್ಕದಲ್ಲಿ ಅನ್ವಿತಾಗೆ ವರ್ಷಕ್ಕೆ 38,850, ಆರ್ಯನ್‌ಗೆ 33,750, ಒಟ್ಟು 72,600 ರೂಪಾಯಿ. ಬಸ್ಸು ಮತ್ತು ಪುಸ್ತಕ ಇದರಲ್ಲಿ ಸೇರಿಲ್ಲ.

ಹಣವನ್ನು ನಾಲ್ಕು ಕಂತಿನಲ್ಲಿ ಕಟ್ಟಬಹುದು: ಜೂನ್ 20, ಸೆಪ್ಟೆಂಬರ್ 10, ಡಿಸೆಂಬರ್ 10, ಫೆಬ್ರವರಿ 10. ಬೇಕಾದವರು ಒಂದೇ ಸಲಕ್ಕೂ ಕಟ್ಟಬಹುದು. ನಗದು ತೆಗೆದುಕೊಳ್ಳುವುದಿಲ್ಲ, ಬ್ಯಾಂಕಿನ ಲಿಂಕ್ ಅಥವಾ ಚೆಕ್ ಮಾತ್ರ, ಚೆಕ್ಕಿನ ಹಿಂದೆ ಮಗುವಿನ ಹೆಸರು, ತರಗತಿ, ಜಿ.ಆರ್. ನಂಬರ್ ಬರೆಯಬೇಕು. ತಡವಾದರೆ ವಾರಕ್ಕೆ 50 ರೂಪಾಯಿ ದಂಡ. ಶಾಲೆ ಬಿಡಿಸುವವರು ಎಲ್.ಸಿ.ಗೆ ಹದಿನೈದು ದಿನ ಮೊದಲು ಅರ್ಜಿ ಕೊಡಬೇಕು. ಇದೆಲ್ಲ ಸ್ಪಷ್ಟವಾಗಿದೆ, ಇದರಲ್ಲಿ ನನ್ನದೇನೂ ತಕರಾರಿಲ್ಲ. ಶುಲ್ಕ ಏರಿಸದೆ ಇದ್ದದ್ದಕ್ಕೆ ನಿಜವಾಗಿ ಧನ್ಯವಾದ. ಪಾಲಕ-ಶಿಕ್ಷಕ ಸಂಘದ ಕಾರ್ಯಕಾರಿ ಸಮಿತಿ ಒಪ್ಪಿದ ಶುಲ್ಕ ಎರಡು ವರ್ಷ ಹಾಗೆಯೇ ಇರಬೇಕು ಅಂತ ಮಹಾರಾಷ್ಟ್ರದ 2011ರ ಶುಲ್ಕ ನಿಯಂತ್ರಣ ಕಾಯ್ದೆಯಲ್ಲಿದೆ, ಹೋದ ವರ್ಷದ ಸಭೆಯಲ್ಲಿ ನೀವೇ ಅದನ್ನು ಹೇಳಿದ್ದಿರಿ, ಹಾಗೆಯೇ ನಡೆದುಕೊಂಡಿದ್ದೀರಿ.

ಈಗ ಆರನೇ ನಿಯಮಕ್ಕೆ ಬರುತ್ತೇನೆ. ಫೋಟೋದಲ್ಲಿ ನನಗೆ ಕಾಣುವಷ್ಟು ಇದು: ಇಬ್ಬರು ಮಕ್ಕಳು ಇದೇ ಶಾಲೆಯಲ್ಲಿದ್ದರೆ ಚಿಕ್ಕ ಮಗುವಿನ ಟ್ಯೂಷನ್ ಫೀಯಲ್ಲಿ ಶೇಕಡಾ 10 ರಿಯಾಯಿತಿ, ಆದರೆ ಕೊನೆಯ ದಿನಾಂಕದೊಳಗೆ ಪೂರ್ತಿ ಶುಲ್ಕ ಕಟ್ಟಿದವರಿಗೆ ಮಾತ್ರ. ಈ ಸಾಲಿನ ತುದಿಯಲ್ಲಿ ಒಂದು ಸಣ್ಣ ನಕ್ಷತ್ರದ ಗುರುತಿದೆ. ಅಂದರೆ ತಳದಲ್ಲಿ ಅದಕ್ಕೊಂದು ವಿವರಣೆ ಇರಬೇಕು, ಆದರೆ ಆ ತಳವೇ ಫೋಟೋದಲ್ಲಿ ಇಲ್ಲ. ಎಷ್ಟು ದೊಡ್ಡದು ಮಾಡಿ ನೋಡಿದರೂ ನಕ್ಷತ್ರ ಮತ್ತು ಅದರ ಪಕ್ಕದ ಮೊದಲ ಅಕ್ಷರದ ತಲೆಕಟ್ಟು, ಅಷ್ಟೇ.

ಗೊಂದಲ ಏನೆಂದರೆ, ಮೂರನೇ ನಿಯಮದಲ್ಲಿ ಕೊನೆಯ ದಿನಾಂಕ ಒಂದಲ್ಲ, ನಾಲ್ಕು ಇವೆ. ಹಾಗಾದರೆ ಆರನೇ ನಿಯಮ ಹೇಳುವ ಕೊನೆಯ ದಿನಾಂಕ ಯಾವುದು? ಆಯಾ ಕಂತಿನ ದಿನಾಂಕದೊಳಗೆ ಆ ಕಂತನ್ನು ಪೂರ್ತಿ ಕಟ್ಟಿದರೆ ಸಾಕಾ, ಅಥವಾ ಇಡೀ ವರ್ಷದ ಶುಲ್ಕವನ್ನು ಜೂನ್ 20ರೊಳಗೇ ಕಟ್ಟಿ ಮುಗಿಸಿದವರಿಗೆ ಮಾತ್ರ ರಿಯಾಯಿತಿಯಾ? ಎರಡೂ ಅರ್ಥ ಬರುತ್ತದೆ. ಗುಂಪಿನಲ್ಲಿ ಅರ್ಧ ಜನ ಹೀಗೆ ಅನ್ನುತ್ತಾರೆ, ಅರ್ಧ ಜನ ಹಾಗೆ ಅನ್ನುತ್ತಾರೆ, ಇಬ್ಬರಿಗೂ ಗ್ಯಾರಂಟಿ ಇಲ್ಲ.

ಕಾಗದದ ಮೇಲೆ ಇದು ಸಣ್ಣ ವ್ಯತ್ಯಾಸ ಅನ್ನಿಸಬಹುದು ಮೇಡಂ, ನಮ್ಮಂಥವರ ಮನೆಯಲ್ಲಿ ಹಾಗಲ್ಲ. ಮೊದಲನೆಯ ಅರ್ಥ ಸರಿ ಅಂದರೆ ಜೂನ್‌ನಲ್ಲಿ ನಾನು ಅನ್ವಿತಾಗೆ 14,350, ಆರ್ಯನ್‌ಗೆ ರಿಯಾಯಿತಿ ಕಳೆದು 11,605, ಒಟ್ಟು 25,955 ಕಟ್ಟಬೇಕು. ಎರಡನೆಯ ಅರ್ಥ ಸರಿ ಅಂದರೆ ಅದೇ ದಿನಕ್ಕೆ 70,020 ರೂಪಾಯಿ ಹೊಂದಿಸಬೇಕು. ಅದೂ ಇಬ್ಬರ ವರ್ಷದ ಶುಲ್ಕವಾ ಅಥವಾ ರಿಯಾಯಿತಿ ಸಿಗುವ ಚಿಕ್ಕ ಮಗುವಿನದು ಮಾತ್ರವಾ ಅನ್ನುವುದೂ ಆ ಸಾಲಿನಿಂದ ಗೊತ್ತಾಗುವುದಿಲ್ಲ. ವರ್ಷಕ್ಕೆ ಉಳಿಯುವುದು 2,580 ರೂಪಾಯಿ. ನಮಗೆ ಅದು ಆರ್ಯನ್‌ನ ಯೂನಿಫಾರ್ಮು, ಬೂಟು, ಮಳೆಗಾಲದ ರೇನ್‌ಕೋಟು ಎಲ್ಲ ಸೇರಿಸಿದಷ್ಟು ಹಣ, ಸುಮ್ನೆ ಬಿಡುವಂಥದ್ದಲ್ಲ. ಆದರೆ ಅದನ್ನು ಉಳಿಸಲು ಜೂನ್‌ನಲ್ಲೇ ಎಪ್ಪತ್ತು ಸಾವಿರ ಬೇಕು ಅಂದರೆ ಎಲ್ಲಿಂದಾದರೂ ಸಾಲ ಮಾಡಬೇಕು. ನಮ್ಮ ಬಿಲ್ಡಿಂಗಿನವರು ಸೇರಿ ನಡೆಸುವ ಚೀಟಿಯಲ್ಲಿ, ಅಂದರೆ ಭಿಶಿಯಲ್ಲಿ, ನನ್ನ ಸರದಿ ಬರುವುದು ಗಣಪತಿ ಹಬ್ಬದ ಹೊತ್ತಿಗೆ. ಈಗಲೇ ಕೇಳಿದರೆ ಇನ್ನೊಬ್ಬರ ಜೊತೆ ಸರದಿ ಬದಲಾಯಿಸಿಕೊಳ್ಳಬಹುದು, ಆದರೆ ಅವರಿಗೂ ಸ್ವಲ್ಪ ದಿನ ಮೊದಲು ಹೇಳಬೇಕಲ್ವಾ. ಇಷ್ಟು ಬೇಗ ಬರೆಯುತ್ತಿರುವುದಕ್ಕೆ ಇದೇ ಮುಖ್ಯ ಕಾರಣ.

ಹೋದ ವರ್ಷದ ರಸೀದಿಗಳನ್ನು ತೆಗೆದು ನೋಡಿದೆ. ಆಗ ಆರ್ಯನ್ ಎರಡನೇ ತರಗತಿ. ಮೊದಲ ಕಂತಿನ ರಸೀದಿಯಲ್ಲಿ ಮೂರು ತಿಂಗಳ ಟ್ಯೂಷನ್ ಫೀ 6,450ರ ಬದಲು 5,805 ಅಂತ ಪ್ರಿಂಟ್ ಆಗಿದೆ, ಪಕ್ಕದಲ್ಲಿ ಪೆನ್ನಿನಲ್ಲಿ ಸಿಬ್ಲಿಂಗ್ ಅಂತ ಬರೆದು ಆಫೀಸಿನ ಮೊಹರು ಹಾಕಿದ್ದಾರೆ. ಉಳಿದ ಮೂರು ರಸೀದಿಗಳಲ್ಲೂ ಹಾಗೆಯೇ ಇದೆ. ಅಂದರೆ ಹೋದ ವರ್ಷ ಕಂತಿನಲ್ಲಿ ಕಟ್ಟಿದವರಿಗೂ ಕಂತು ಕಂತಿಗೆ ರಿಯಾಯಿತಿ ಕೊಟ್ಟಿದ್ದೀರಿ. ಹಾಗಾಗಿ ಈ ವರ್ಷವೂ ಅದೇ ಪದ್ಧತಿ, ಬರೆಯುವಾಗ ಮಾತ್ರ ಸ್ವಲ್ಪ ಬೇರೆಯಾಗಿ ಬಂದಿದೆ ಅನ್ನುವುದು ನನ್ನ ಊಹೆ. ಊಹೆಯ ಮೇಲೆ ಹಣ ಕಟ್ಟಿ, ಆಮೇಲೆ ಕಿಟಕಿಯ ಹತ್ತಿರ ವಾದ ಮಾಡುವುದು ನನಗೂ ಬೇಡ, ನಿಮ್ಮ ಕ್ಲರ್ಕಿಗೂ ಬೇಡ. ಜೂನ್‌ನ ಆ ಸಾಲಿನಲ್ಲಿ ಅವರು ಒಬ್ಬರೇ ಎಷ್ಟು ಜನರಿಗೆ ಉತ್ತರ ಕೊಡುತ್ತಾರೆ ಅಂತ ನೋಡಿದ್ದೇನೆ.

ನಿಜವಾಗಿಯೂ ಪದ್ಧತಿ ಬದಲಾಗಿದ್ದರೆ ಅದನ್ನೂ ನೇರವಾಗಿ ಹೇಳಿ ಮೇಡಂ, ಬೇಜಾರಿಲ್ಲ. ಆಗ ಕೇಳುವುದು ಇಷ್ಟೇ: ರಿಯಾಯಿತಿಗೆ ಹೊಸ ಷರತ್ತು ಹಾಕುವುದು ಕಾರ್ಯಕಾರಿ ಸಮಿತಿಯ ಮುಂದೆ ಬಂದಿತ್ತಾ? ಚಿಕ್ಕ ಮಗುವಿನ ರಿಯಾಯಿತಿ ಹೋದರೆ ನಮ್ಮ ಮನೆಯ ಲೆಕ್ಕದಲ್ಲಿ ಅದು ಶುಲ್ಕ ಏರಿದ ಹಾಗೆಯೇ. ಕಂತಿನಲ್ಲಿ ಕಟ್ಟುವವರೇ ಹೆಚ್ಚಾಗಿ ಕೈ ಬಿಗಿ ಇರುವವರು, ರಿಯಾಯಿತಿ ಅವರಿಗೇ ಜಾಸ್ತಿ ಬೇಕಾಗಿರುವುದು. ಒಟ್ಟಿಗೆ ಕಟ್ಟಲು ಆಗುವವರಿಗೆ ಮಾತ್ರ ಅದು ಸಿಗುವುದಾದರೆ ನನಗೆ ಸರಿ ಅನ್ನಿಸುವುದಿಲ್ಲ, ಇದನ್ನು ನಿಮ್ಮ ಮುಂದೆ ಮುಚ್ಚುಮರೆ ಇಲ್ಲದೆ ಹೇಳಬೇಕು ಅನ್ನಿಸಿತು.

ಇದೇ ನಿಯಮದಲ್ಲಿ ಇನ್ನೊಂದು ಎಳೆ ಉಳಿದಿದೆ. ಕಂತಿಗೆ ರಿಯಾಯಿತಿ ಇದೆ ಅಂತಲೇ ಇಟ್ಟುಕೊಳ್ಳೋಣ. ಡಿಸೆಂಬರ್‌ನ ಕಂತು ಯಾವುದೋ ಕಾರಣಕ್ಕೆ ನಾಲ್ಕು ದಿನ ತಡವಾಯಿತು ಅಂದರೆ ಆ ಕಂತಿನ ರಿಯಾಯಿತಿ ಮಾತ್ರ ಹೋಗುತ್ತದಾ, ಅಥವಾ ಹಿಂದೆ ಜೂನ್, ಸೆಪ್ಟೆಂಬರ್‌ನಲ್ಲಿ ಕೊಟ್ಟದ್ದನ್ನೂ ವಾಪಸ್ ಸೇರಿಸಿ ವಸೂಲಿ ಮಾಡುತ್ತೀರಾ? ಜೊತೆಗೆ ವಾರಕ್ಕೆ 50ರ ದಂಡವೂ ಇರುತ್ತದಾ? ಮನೆಯವರ ಕ್ಯಾಂಟೀನಿನ ಬಿಲ್ಲು ಕಂಪನಿಯಿಂದ ಪಾಸಾಗಿ ಬರುವುದು ಪ್ರತಿ ತಿಂಗಳೂ ಒಂದೇ ತಾರೀಖಿಗೆ ಅಲ್ಲ, ಅದಕ್ಕೇ ಇದನ್ನು ಮೊದಲೇ ತಿಳಿದುಕೊಳ್ಳಬೇಕು ಅನ್ನಿಸುತ್ತದೆ.

ನಿಮಗೆ ಸಾಧ್ಯವಾದರೆ ಆ ಸುತ್ತೋಲೆಯನ್ನು ಸ್ಕ್ಯಾನ್ ಮಾಡಿ, ತಳದ ಸಾಲುಗಳೂ ಕಾಣುವ ಹಾಗೆ, ತರಗತಿಯ ಶಿಕ್ಷಕಿಯರ ಮೂಲಕ ಗುಂಪುಗಳಿಗೆ ಹಾಕಿಸಿ. ಆ ನಕ್ಷತ್ರದ ವಿವರಣೆಯಲ್ಲೇ ನನ್ನ ಪ್ರಶ್ನೆಗೆ ಉತ್ತರ ಇದ್ದರೆ ಅಷ್ಟೇ ಸಾಕು, ನನಗೆ ಬೇರೆ ಉತ್ತರ ಬರೆಯುವ ಶ್ರಮವೂ ಬೇಡ. ಅಲ್ಲಿ ಇಲ್ಲದಿದ್ದರೆ ಎರಡೇ ಸಾಲಿನಲ್ಲಿ ಈ ಇಮೇಲ್‌ಗೆ ಉತ್ತರ ಕಳಿಸಿ. ಜೂನ್ 7ರೊಳಗೆ ಸಿಕ್ಕರೆ ಭಿಶಿಯವರ ಹತ್ತಿರ ಮಾತಾಡಲು ನನಗೆ ಸಮಯ ಸಿಗುತ್ತದೆ. ಆ ಹೊತ್ತಿಗೆ ಸಮಿತಿಯವರನ್ನು ಕೇಳಿ ಹೇಳಬೇಕಾದ ಪರಿಸ್ಥಿತಿ ಇದ್ದರೆ, ಇಬ್ಬರು ಮಕ್ಕಳಿರುವ ಪಾಲಕರು ಮೊದಲ ಕಂತನ್ನು ಹೋದ ವರ್ಷದ ಹಾಗೆಯೇ ರಿಯಾಯಿತಿ ಕಳೆದು ಕಟ್ಟಲಿ, ವ್ಯತ್ಯಾಸ ಇದ್ದರೆ ಎರಡನೇ ಕಂತಿನಲ್ಲಿ ಸರಿಮಾಡೋಣ ಅಂತ ಆಫೀಸಿಗೆ ತಿಳಿಸಿದರೂ ಆಗುತ್ತದೆ.

ರಸೀದಿಯ ಬಗ್ಗೆ ಒಂದು ಮಾತು. ಈ ಸಲವೂ ಟ್ಯೂಷನ್ ಫೀಯನ್ನು ಬೇರೆ ಸಾಲಿನಲ್ಲಿಯೇ ತೋರಿಸಲು ಹೇಳಿ. ಹಳೆಯ ತೆರಿಗೆ ಪದ್ಧತಿಯಲ್ಲಿರುವ ನನ್ನಂಥವರಿಗೆ 80ಸಿ ಅಡಿಯಲ್ಲಿ ಇಬ್ಬರು ಮಕ್ಕಳ ಟ್ಯೂಷನ್ ಫೀ ಮಾತ್ರ ಲೆಕ್ಕಕ್ಕೆ ಬರುತ್ತದೆ, ಎಲ್ಲ ಸೇರಿಸಿ ಒಂದೇ ಮೊತ್ತ ಬರೆದರೆ ನಮ್ಮ ಆಫೀಸಿನಲ್ಲಿ ಒಪ್ಪುವುದಿಲ್ಲ.

ಫೋಟೋವನ್ನು ಮತ್ತು ಹೋದ ವರ್ಷದ ನಾಲ್ಕು ರಸೀದಿಗಳ ಪ್ರತಿಯನ್ನು ಇದರ ಜೊತೆ ಕಳಿಸಿದ್ದೇನೆ. ಆರನೇ ನಿಯಮದ ಸುತ್ತ ಕೆಂಪು ಗೆರೆ ಹಾಕಿದ್ದೇನೆ, ಹುಡುಕುವುದು ಬೇಡ.

ಶಾಲೆ ಶುರುವಾದ ಮೇಲೆ ಯಾವುದಾದರೂ ಶನಿವಾರ ಬಂದು ನಿಮ್ಮನ್ನು ಕಾಣುತ್ತೇನೆ. ಅನ್ವಿತಾಳ ಗಣಿತದ ವಿಷಯವಾಗಿಯೂ ಮಾತಾಡುವುದಿದೆ, ಅದಕ್ಕೆ ಅವಸರವಿಲ್ಲ.

ವಂದನೆಗಳೊಂದಿಗೆ,

ಸುಮಾ
ಅನ್ವಿತಾ (7 ಬಿ) ಮತ್ತು ಆರ್ಯನ್ (3 ಎ) ತಾಯಿ